ಮಾರ್ಚ್‌ನಲ್ಲಿ ಬಿಲ್, ಜುಲೈಯಲ್ಲೂ ಬಾರದ ಹಣ: ಈ ಲಾಭ ಯಾವ ವರ್ಷದ್ದು?

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ಘಟಕವಿದೆ. ಬೆಂಗಳೂರಿನ ಕಂಪನಿಯೊಂದರ ಗೋದಾಮಿಗೆ ಉಕ್ಕಿನ ರ‍್ಯಾಕ್‌ಗಳನ್ನು ಮಾಡಿಕೊಟ್ಟೆ. ಮಾರ್ಚ್ 18ರಂದು ಮಾಲಿನ ಜೊತೆ 20 ಲಕ್ಷದ ಬಿಲ್ ಕಳುಹಿಸಿದೆ, ಜಿಎಸ್‌ಟಿ ಬೇರೆ. ನಮ್ಮ ಹುಡುಗರು ಅಲ್ಲಿ ಹೋಗಿ ಜೋಡಿಸಿ ಮುಗಿಸಿದ್ದು ಏಪ್ರಿಲ್ 9ಕ್ಕೆ. ಜುಲೈ ಬಂದರೂ ಒಂದು ರೂಪಾಯಿ ಬಂದಿಲ್ಲ. ಆಡಿಟರು ಮಾತ್ರ ಮಾರ್ಚ್ ಅಂತ್ಯಕ್ಕೆ ಈ ಕೆಲಸದಲ್ಲಿ 5 ಲಕ್ಷ ಲಾಭವಾಗಿದೆ, ತೆರಿಗೆ ಕಟ್ಟಿ ಎನ್ನುತ್ತಾರೆ. ಕೈಗೇ ಬಾರದ ಹಣದಲ್ಲಿ ಲಾಭ ಎಲ್ಲಿಂದ ಬಂತು? ಗೆಳೆಯರೊಬ್ಬರು ‘ನಗದು ಪದ್ಧತಿಗೆ ಬದಲಾಯಿಸಿಕೊ, ಎಲ್ಲ ಸರಿಹೋಗುತ್ತದೆ’ ಎಂದರು. ಹಾಗೆ ಮಾಡಬಹುದೇ? ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು ಶುರುಮಾಡೋಣ. ಉಕ್ಕು, ಬೋಲ್ಟು, ಇತರ ಸಾಮಾನಿಗೆ 11 ಲಕ್ಷ. ಅದರ ಮೇಲೆ ಜಿಎಸ್‌ಟಿ 1,98,000. ವ್ಯಾಪಾರಿಗೆ ಕೊಡಬೇಕಾದ 12,98,000ದಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ನೀವು ಕೊಟ್ಟದ್ದು 6 ಲಕ್ಷ. ಕೂಲಿ, ಬಣ್ಣ, ವಿದ್ಯುತ್, ಲಾರಿ ಬಾಡಿಗೆ ಸೇರಿ 4 ಲಕ್ಷ, ಅದನ್ನು ಪೂರ್ತಿ ಕೊಟ್ಟಿದ್ದೀರಿ. ಅಂದರೆ ಮಾರ್ಚ್ 31ಕ್ಕೆ ನಿಮ್ಮ ಕೈಯಿಂದ ಹೋದದ್ದು 10 ಲಕ್ಷ, ಬಂದದ್ದು ಸೊನ್ನೆ. ಆಡಿಟರ ಲೆಕ್ಕದಲ್ಲಿ 20 ಲಕ್ಷದ ಮಾರಾಟ, 15 ಲಕ್ಷದ ಖರ್ಚು, 5 ಲಕ್ಷ ಲಾಭ. ಒಂದು ಕಡೆ ಹತ್ತು ಲಕ್ಷ ಕಳೆದಂತೆ, ಇನ್ನೊಂದು ಕಡೆ ಐದು ಲಕ್ಷ ಗಳಿಸಿದಂತೆ. ಎರಡೂ ಒಂದೇ ಕೆಲಸದ ಲೆಕ್ಕ, ಎರಡರಲ್ಲೂ ಕೂಡುವ ಕಳೆಯುವ ತಪ್ಪಿಲ್ಲ.

ಹಾಗಿದ್ದರೆ ಆ 5 ಲಕ್ಷ ಕೂತಿರುವುದೆಲ್ಲಿ? ಕಂಪನಿ ನಿಮಗೆ ಕೊಡಬೇಕಾದದ್ದು, ಜಿಎಸ್‌ಟಿ ಸೇರಿ, 23,60,000. ಅದರಲ್ಲಿ ಉಕ್ಕಿನ ವ್ಯಾಪಾರಿಗೆ 6,98,000 ಹೋಗಬೇಕು. ಸರ್ಕಾರಕ್ಕೆ ಜಿಎಸ್‌ಟಿ 3,60,000. ಖರೀದಿಯ ಮೇಲೆ ಕಟ್ಟಿದ 1,98,000 ವಜಾ ಮಾಡಿದರೆ 1,62,000. ಇವೆರಡನ್ನೂ ಕಳೆದರೆ ಉಳಿಯುವುದು ಸರಿಯಾಗಿ 15 ಲಕ್ಷ. ನೀವು ಸುರಿದ 10 ಲಕ್ಷ ಅದರಲ್ಲಿ ವಾಪಸಾದರೆ ಮಿಕ್ಕಿದ್ದು 5 ಲಕ್ಷ. ಲಾಭ ಸುಳ್ಳಲ್ಲ. ಆದರೆ ಅದು ನೋಟಿನ ರೂಪದಲ್ಲಿಲ್ಲ, ಬೆಂಗಳೂರಿನ ಒಂದು ಕಂಪನಿ ಇಟ್ಟುಕೊಂಡಿರುವ ಬಾಕಿಯ ರೂಪದಲ್ಲಿದೆ. ನಮ್ಮ ಹಳೆಯ ಅಂಗಡಿಕಾರರು ಇದಕ್ಕೆ ಉದ್ರಿ ಎನ್ನುತ್ತಿದ್ದರು. ಉದ್ರಿ ಪುಸ್ತಕದಲ್ಲಿ ಬರೆದದ್ದನ್ನು ಅವರು ಆಸ್ತಿಯೆಂದೇ ಎಣಿಸುತ್ತಿದ್ದರು, ಆದರೆ ಗಲ್ಲಾಪೆಟ್ಟಿಗೆಯಲ್ಲಿ ಇರುವುದರ ಜೊತೆ ಎಂದೂ ಸೇರಿಸುತ್ತಿರಲಿಲ್ಲ.

ಹಣ ಬಂದಾಗ ಆದಾಯ, ಕೊಟ್ಟಾಗ ಖರ್ಚು ಎಂದು ಬರೆಯುವುದು ನಗದು ಪದ್ಧತಿ. ಹಣ ಯಾವಾಗಲಾದರೂ ಬರಲಿ, ಗಳಿಸಿದ ದಿನವೇ ಆದಾಯ, ಹೊಣೆ ಬಿದ್ದ ದಿನವೇ ಖರ್ಚು ಎನ್ನುವುದು ಅಕ್ರೂಯಲ್ ಪದ್ಧತಿ. ಆದಾಯ ತೆರಿಗೆ ಕಾಯ್ದೆಯ ಭಾಷೆಯಲ್ಲಿ ಮರ್ಕೆಂಟೈಲ್. ನಗದು ಪದ್ಧತಿಯಲ್ಲಿ ನಿಮ್ಮ ಈ ಕೆಲಸ ಮೊದಲ ವರ್ಷ 10 ಲಕ್ಷ ನಷ್ಟ, ಮರುವರ್ಷ 15 ಲಕ್ಷ ಲಾಭ ಎಂದು ತೋರುತ್ತದೆ. ಕೂಡಿದರೆ ಅದೇ 5 ಲಕ್ಷ. ಆದರೆ ನೀವು ಬೆವರು ಸುರಿಸಿದ ವರ್ಷ ದಿವಾಳಿಯಂತೆಯೂ, ಕೇವಲ ಚೆಕ್ ಬಿಡಿಸಿಕೊಂಡ ವರ್ಷ ಸುಗ್ಗಿಯಂತೆಯೂ ಕಂಡರೆ ಅದನ್ನು ನೋಡಿ ಮುಂದಿನ ಕೆಲಸಕ್ಕೆ ದರ ಕಟ್ಟುವುದು ಹೇಗೆ? ಅಕ್ರೂಯಲ್ ಪದ್ಧತಿ ಹುಟ್ಟಿದ್ದು ಈ ತಾಪತ್ರಯಕ್ಕೆ, ತೆರಿಗೆಯವರ ಅನುಕೂಲಕ್ಕಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ಆಡಿಟರ ಜೊತೆ ಒಂದು ವಿಷಯದಲ್ಲಿ ನನ್ನ ತಕರಾರಿದೆ. ನೀವು ಕೇಳಿದ್ದು ‘ಹಣ ಬಾರದೆ ಲಾಭ ಹೇಗೆ’ ಎಂದು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಮಾರ್ಚ್ 31ಕ್ಕೆ ಈ ಮಾರಾಟ ಮುಗಿದಿತ್ತೇ?

ಬಿಲ್ ಹರಿದ ದಿನವೇ ಆದಾಯ ಎಂಬುದು ಈ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ತಿಳಿವಳಿಕೆ. ಕಂಪ್ಯೂಟರಿನಲ್ಲಿ ಸೇಲ್ಸ್ ವೋಚರ್ ಒತ್ತಿದೊಡನೆ ಲಾಭ-ನಷ್ಟದ ಪಟ್ಟಿಗೆ ಅಂಕಿ ಹೋಗಿ ಕೂರುವುದರಿಂದ ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಲೆಕ್ಕಶಾಸ್ತ್ರದ ನಿಯಮ ಹಾಗಿಲ್ಲ. ನಿಮ್ಮಂಥ ಘಟಕಗಳಿಗೆ ಅನ್ವಯಿಸುವ ಆದಾಯದ ಮಾನದಂಡ ಎಎಸ್ 9. ಅದರ ಪ್ರಕಾರ ಸರಕಿನ ಒಡೆತನಕ್ಕೆ ಅಂಟಿದ ಮುಖ್ಯ ಲಾಭ-ಅಪಾಯಗಳು ಕೊಂಡವನಿಗೆ ದಾಟಿರಬೇಕು, ಮತ್ತು ಹಣ ವಸೂಲಾಗುವ ಬಗ್ಗೆ ಆ ಹೊತ್ತಿನಲ್ಲಿ ದೊಡ್ಡ ಅನುಮಾನ ಇರಬಾರದು. ಜೋಡಿಸಿ, ಪರೀಕ್ಷಿಸಿ ಒಪ್ಪಿಸಬೇಕೆಂಬ ಷರತ್ತಿನ ಮಾರಾಟಕ್ಕೆ ಆ ಮಾನದಂಡ ಪ್ರತ್ಯೇಕವಾಗಿಯೇ ಮಾತಾಡುತ್ತದೆ: ಜೋಡಣೆ ಮತ್ತು ತಪಾಸಣೆ ಮುಗಿದು ಗ್ರಾಹಕ ಒಪ್ಪಿಕೊಳ್ಳುವವರೆಗೆ ಸಾಮಾನ್ಯವಾಗಿ ಆದಾಯ ಬರೆಯುವಂತಿಲ್ಲ. ಜೋಡಣೆ ತೀರ ಸರಳವಾಗಿದ್ದರೆ ಮಾತ್ರ ವಿನಾಯಿತಿ. ಅದಕ್ಕೆ ಕೊಟ್ಟಿರುವ ಉದಾಹರಣೆ ಟಿವಿಯದು. ಪೆಟ್ಟಿಗೆ ಬಿಚ್ಚಿ, ವಿದ್ಯುತ್ತು ಮತ್ತು ಆಂಟೆನಾ ಸಿಕ್ಕಿಸಿದರೆ ಮುಗಿಯಿತು, ಅದಕ್ಕಾಗಿ ಮಾರಾಟ ಮುಂದೂಡಬೇಕಿಲ್ಲ. (ಆಂಟೆನಾ ಎಂಬ ಮಾತೇ ಈ ಮಾನದಂಡದ ವಯಸ್ಸು ಹೇಳುತ್ತದೆ.)

ನಿಮ್ಮ ರ‍್ಯಾಕ್‌ಗಳು ಟಿವಿಯಂತೆಯೋ ಅಲ್ಲವೋ? ನೆಲಕ್ಕೆ ರಂಧ್ರ ಕೊರೆದು ಆ್ಯಂಕರ್ ಬೋಲ್ಟ್ ಹಾಕಿ, ಮಟ್ಟ ನೋಡಿ, ಭಾರ ಹೊರಿಸಿ ತೋರಿಸಿ, ಕೊನೆಗೆ ಅವರ ಎಂಜಿನಿಯರ್ ಸಹಿ ಹಾಕಿದ್ದರೆ ಅದು ಪ್ಲಗ್ ಸಿಕ್ಕಿಸುವ ಕೆಲಸವಲ್ಲ. ಪರ್ಚೇಸ್ ಆರ್ಡರ್ ತೆಗೆದು ನೋಡಿ. ‘ಜೋಡಣೆ ಮತ್ತು ಒಪ್ಪಿಗೆಯ ನಂತರ ಪಾವತಿ’ ಎಂದಿದೆಯೇ, ಒಪ್ಪದಿದ್ದರೆ ವಾಪಸು ಕಳುಹಿಸುವ ಹಕ್ಕು ಅವರಿಗಿದೆಯೇ, ಜೋಡಿಸುವವರೆಗೆ ಮಾಲು ಹಾಳಾದರೆ ಹೊಣೆ ಯಾರದು. ಈ ಮೂರಕ್ಕೂ ಉತ್ತರ ನಿಮ್ಮ ತಲೆಯ ಮೇಲೇ ಬಂದರೆ ಮಾರ್ಚ್ 31ಕ್ಕೆ ಮಾರಾಟ ಆಗಿರಲಿಲ್ಲ. ಆಗ ಈ ಕೆಲಸ ಆ ವರ್ಷದ ಲೆಕ್ಕದಲ್ಲಿ 20 ಲಕ್ಷದ ಮಾರಾಟವಾಗಿ ಅಲ್ಲ, 15 ಲಕ್ಷದ ಅಪೂರ್ಣ ಕೆಲಸವಾಗಿ, ಅಂದರೆ ದಾಸ್ತಾನಾಗಿ ನಿಲ್ಲುತ್ತದೆ. ಲಾಭ ಸೊನ್ನೆ, ಆದಾಯ ತೆರಿಗೆಯೂ ಸದ್ಯಕ್ಕಿಲ್ಲ. ಏಪ್ರಿಲ್ 9ಕ್ಕೆ ಒಪ್ಪಿಗೆ ಸಿಕ್ಕ ದಿನ ಮಾರಾಟ ಬರೆದು, ಲಾಭವನ್ನು ಈ ವರ್ಷಕ್ಕೆ ತರಬೇಕು.

ಆರ್ಡರ್‌ನಲ್ಲಿ ಅಂಥ ಷರತ್ತಿಲ್ಲ, ಮಾಲು ಗೇಟು ದಾಟಿದೊಡನೆ ಅವರದಾಯಿತು ಎಂದಿದ್ದರೆ ಆಡಿಟರು ಹೇಳಿದ್ದೇ ಸರಿ. ಆಗಲೂ ಒಂದು ಬಿಟ್ಟುಹೋಗಿದೆ. ಏಪ್ರಿಲ್‌ನಲ್ಲಿ ಜೋಡಣೆಗೆ ಹುಡುಗರ ಕೂಲಿ, ಓಡಾಟ, ವಸತಿ ಎಂದು 45,000 ಖರ್ಚಾಗಿದೆಯಲ್ಲ? ಮಾರಾಟವನ್ನು ಮಾರ್ಚ್‌ಗೆ ಎಳೆದ ಮೇಲೆ ಅದಕ್ಕೆ ಸೇರಿದ ಈ ಖರ್ಚನ್ನು ಏಪ್ರಿಲ್‌ನಲ್ಲಿ ಬಿಟ್ಟುಬರುವುದು ಅನ್ಯಾಯ. ಮಾರ್ಚ್‌ನಲ್ಲೇ ಅದಕ್ಕೆ ಅವಕಾಶ ಮಾಡಿ ಬರೆಯಬೇಕು. ಲಾಭ 4,55,000ಕ್ಕೆ ಇಳಿಯುತ್ತದೆ. ಅಕ್ರೂಯಲ್ ಎಂದರೆ ಬಾರದ ಹಣವನ್ನು ಆದಾಯ ಎನ್ನುವುದಷ್ಟೇ ಅಲ್ಲ, ಕೊಡದ ಹಣವನ್ನು ಖರ್ಚು ಎನ್ನುವುದೂ ಹೌದು. ಆದಾಯದ ವಿಷಯಕ್ಕೆ ಎಲ್ಲರೂ ಜಗಳಕ್ಕೆ ನಿಲ್ಲುತ್ತಾರೆ, ಈ ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಒಂದು ಎಚ್ಚರಿಕೆ. ಹಣ ತಡವಾಗಿದೆ ಎಂಬುದು ಬೇರೆ, ಬರುವುದೇ ಅನುಮಾನ ಎಂಬುದು ಬೇರೆ. ಮಾರುವಾಗಲೇ ಗಿರಾಕಿ ಮುಳುಗುತ್ತಿದ್ದ ಎಂದು ಗೊತ್ತಿದ್ದರೆ ಆದಾಯವನ್ನು ಮುಂದೂಡಬಹುದು. ಸತಾಯಿಸುತ್ತಿರುವ ಗಟ್ಟಿ ಕಂಪನಿಯ ವಿಷಯದಲ್ಲಿ ಆ ವಾದ ನಡೆಯುವುದಿಲ್ಲ. ಇನ್ನೊಂದು, ಜೋಡಣೆಯ ನಿಯಮವನ್ನು ಈ ವರ್ಷ ಹಿಡಿದರೆ ಪ್ರತಿ ವರ್ಷವೂ ಹಿಡಿಯಬೇಕು, ಎಲ್ಲ ಗ್ರಾಹಕರಿಗೂ. ತೆರಿಗೆ ಹೆಚ್ಚು ಬಂದ ವರ್ಷಕ್ಕೊಂದು ನೀತಿ, ಬ್ಯಾಂಕಿಗೆ ಲಾಭ ತೋರಿಸಬೇಕಾದ ವರ್ಷಕ್ಕೊಂದು ನೀತಿ ಎಂದರೆ ಅಧಿಕಾರಿ ಎರಡು ವರ್ಷದ ಕಡತ ಜೋಡಿಸಿ ನೋಡಿದೊಡನೆ ಸಿಕ್ಕಿಬೀಳುತ್ತೀರಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಾನು ಹೊಸದಾಗಿ ಲೆಕ್ಕಪರಿಶೋಧನೆಗೆ ಹೋಗುತ್ತಿದ್ದಾಗ ಒಂದು ಸಂಸ್ಥೆಯ ಮಾರ್ಚ್ ಮಾರಾಟ ಬೇರೆ ತಿಂಗಳುಗಳ ಎರಡರಷ್ಟಿರುತ್ತಿತ್ತು. ನಮ್ಮ ಹಿರಿಯರು ಮಾರ್ಚ್ ಬಿಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ. ‘ಏಪ್ರಿಲ್ ತಿಂಗಳ ಕ್ರೆಡಿಟ್ ನೋಟ್ ಫೈಲು ತಾ’ ಎಂದರು. ವಾಪಸಾದ ಮಾಲಿಗೆ ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿಗಳ ಆ ಫೈಲಿನಲ್ಲಿತ್ತು ಗುಟ್ಟು. ಮಾರ್ಚ್ 29, 30ರಂದು ಡೀಲರುಗಳ ಗೋದಾಮಿಗೆ ತುಂಬಿದ ಮಾಲಿನ ಮುಕ್ಕಾಲು ಪಾಲು ಏಪ್ರಿಲ್ ಎರಡನೆಯ ವಾರಕ್ಕೆ ವಾಪಸು ಬಂದಿತ್ತು. ಕೆಲವು ಲಾರಿಗಳು ದಾರಿಯಲ್ಲೇ ತಿರುಗಿದ್ದವು. ಕಾಗದದಲ್ಲಿ ಎಲ್ಲ ಮಾರಾಟವೂ ನಿಜ, ಬಿಲ್ಲಿಗೆ ಬಿಲ್ಲು ಹೊಂದುತ್ತಿತ್ತು. ಅಂದಿನಿಂದ ನಾನೂ ಯಾವ ಸಂಸ್ಥೆಗೆ ಹೋದರೂ ಮೊದಲು ಕೇಳುವುದು ಏಪ್ರಿಲ್ ಫೈಲನ್ನೇ.

ದೊಡ್ಡವರ ಲೆಕ್ಕದಲ್ಲೂ ಪ್ರಶ್ನೆ ಇದೇ: ಯಾವ ದಿನ ಗಳಿಸಿದ್ದು? ಬೆಂಗಳೂರಿನ ಬೈಜೂಸ್ ಕಂಪನಿಯ 2020-21ರ ಲೆಕ್ಕಪತ್ರ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಕೋರ್ಸ್ ಮಾರಿದೊಡನೆ ಬರೆಯುತ್ತಿದ್ದ ಆದಾಯವನ್ನು ಪಾಠ ನಡೆಯುವ ಅವಧಿಗೆ ಹಂಚಬೇಕು, ಕಂತಿನ ಮಾರಾಟವನ್ನು ಕಂತು ವಸೂಲಾದಂತೆ ಬರೆಯಬೇಕು ಎಂದು ಪದ್ಧತಿ ಬದಲಾಯಿತು. ಆದಾಯದ ದೊಡ್ಡ ಪಾಲು ಮುಂದಿನ ವರ್ಷಗಳಿಗೆ ಹೋಯಿತು, ಆ ವರ್ಷದ ನಷ್ಟ 4,588 ಕೋಟಿ ಎಂದು ಪ್ರಕಟವಾಯಿತು. ಅವಧಿಗೆ ಹಂಚಿದ ಆ ಭಾಗದಲ್ಲಿ ಮಾರಿದ ಕೋರ್ಸೂ ಅದೇ, ಕೊಂಡವರೂ ಅವರೇ. ಬದಲಾದದ್ದು ದಿನಾಂಕ.

ನಿಮ್ಮ ವಿಷಯಕ್ಕೆ ಮರಳೋಣ. ಆದಾಯ ತೆರಿಗೆಯಲ್ಲಿ ಏಪ್ರಿಲ್‌ಗೆ ದಾಟಿಸಿದಂತೆ ಜಿಎಸ್‌ಟಿಯನ್ನೂ ದಾಟಿಸಬಹುದೇ ಎಂದು ನೀವು ಕೇಳುವುದು ಖಚಿತ. ಇಲ್ಲ. ಸರಕಿನ ವಿಷಯದಲ್ಲಿ ಜಿಎಸ್‌ಟಿ ಬಿಲ್ಲಿನ ಬೆನ್ನು ಹತ್ತುತ್ತದೆ, ಮತ್ತು ಮಾಲು ಹೊರಡುವಾಗಲೇ ಬಿಲ್ಲು ಇರಬೇಕು. ಹಾಗಾಗಿ ಆ 1,62,000 ಏಪ್ರಿಲ್‌ನಲ್ಲಿ ಸಲ್ಲಿಸುವ ಮಾರ್ಚ್ ತಿಂಗಳ ರಿಟರ್ನ್ ಜೊತೆ ಹೋಗಲೇಬೇಕಿತ್ತು, ಕಂಪನಿ ಕೊಟ್ಟಿರಲಿ ಬಿಟ್ಟಿರಲಿ. ಇದರಿಂದ ಜಿಎಸ್‌ಟಿ ರಿಟರ್ನ್‌ನಲ್ಲಿ ವರ್ಷದ ವಹಿವಾಟು ನಿಮ್ಮ ಲಾಭ-ನಷ್ಟದ ಪಟ್ಟಿಗಿಂತ 20 ಲಕ್ಷ ಹೆಚ್ಚು ಕಾಣುತ್ತದೆ. ಹೆದರಬೇಡಿ, ಆದರೆ ವ್ಯತ್ಯಾಸಕ್ಕೆ ಕಾರಣ ಬರೆದ ಒಂದು ಹಾಳೆಯನ್ನು ಆರ್ಡರ್ ಪ್ರತಿ ಮತ್ತು ಏಪ್ರಿಲ್ 9ರ ಸಹಿಯಾದ ಒಪ್ಪಿಗೆ ಪತ್ರದ ಜೊತೆ ಈಗಲೇ ಕಡತಕ್ಕೆ ಹಾಕಿ. ಮೂರು ವರ್ಷ ಕಳೆದು ನೋಟಿಸು ಬಂದಾಗ ಆ ಎಂಜಿನಿಯರ್ ಎಲ್ಲಿರುತ್ತಾರೋ ಯಾರಿಗೆ ಗೊತ್ತು.

ಇನ್ನು ನಿಮ್ಮ ಗೆಳೆಯರ ಸಲಹೆ. ಅರ್ಧ ನಿಜ. ಕಂಪನಿಯಾಗಿ ನೋಂದಣಿಯಾದವರು ಅಕ್ರೂಯಲ್ ಪದ್ಧತಿಯನ್ನೇ ಅನುಸರಿಸಬೇಕು. ಒಬ್ಬರೇ ಮಾಲೀಕರಾದ ನಿಮಗೆ ಕಾಯ್ದೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ. ಆದರೆ ಆರಿಸಿದ್ದನ್ನು ನಿಯಮಿತವಾಗಿ ಅನುಸರಿಸಬೇಕು. ಆದಾಯಕ್ಕೆ ನಗದು, ಖರ್ಚಿಗೆ ಮರ್ಕೆಂಟೈಲ್ ಎಂಬ ಬೆರಕೆ ನಡೆಯದು. ಪದ್ಧತಿ ಬದಲಾಯಿಸಬಹುದು, ಆದರೆ ಅದಕ್ಕೆ ಪ್ರಾಮಾಣಿಕ ಕಾರಣ ಬೇಕು, ಬದಲಾದ ಮೇಲೆ ಅದರಲ್ಲೇ ಇರಬೇಕು. ವರ್ಷ ಮುಗಿದು, ತೆರಿಗೆ ಲೆಕ್ಕ ಹಾಕಿ, ಗಾಬರಿಯಾಗಿ ಜುಲೈಯಲ್ಲಿ ಕೂತು ಕಳೆದ ವರ್ಷದ ಪದ್ಧತಿ ಬದಲಾಯಿಸುತ್ತೇನೆ ಎಂದರೆ ಅದರಲ್ಲಿ ಪ್ರಾಮಾಣಿಕ ಕಾರಣ ಹುಡುಕುವುದು ನನಗಂತೂ ಕಷ್ಟ.

ಮುಂದಿನ ವರ್ಷದಿಂದ ಬದಲಾದರೆ? ನಗದು ಪದ್ಧತಿ ವೈದ್ಯರಿಗೆ, ವಕೀಲರಿಗೆ ಒಪ್ಪುತ್ತದೆ. ಅವರಿಗೆ ದಾಸ್ತಾನಿಲ್ಲ, ಉದ್ರಿ ಖರೀದಿ ಕಡಿಮೆ. ನಿಮಗೆ ಮೂರು ಪೆಟ್ಟು ಬೀಳುತ್ತದೆ. ಉಕ್ಕಿನ ವ್ಯಾಪಾರಿಗೆ ಕೊಡದೆ ಉಳಿಸಿಕೊಂಡ 6,98,000ದಂಥ ಬಾಕಿ ಆ ವರ್ಷ ಖರ್ಚಾಗಿ ಸಿಗುವುದಿಲ್ಲ. ಯಾರಾದರೂ ಮಾರ್ಚ್‌ನಲ್ಲಿ ಮುಂಗಡ ಕೊಟ್ಟರೆ, ಕೆಲಸ ಶುರುವಾಗದಿದ್ದರೂ ಅದು ಅಂದೇ ಆದಾಯ. ಎಲ್ಲಕ್ಕಿಂತ ದೊಡ್ಡದು ಬ್ಯಾಂಕಿನದು: ನಿಮ್ಮ ಸಿಸಿ, ಅಂದರೆ ಕ್ಯಾಷ್ ಕ್ರೆಡಿಟ್ ಸಾಲದ ಖಾತೆಯಲ್ಲಿ ಎಷ್ಟು ತೆಗೆಯಬಹುದು ಎಂಬುದು ದಾಸ್ತಾನು ಮತ್ತು ಗ್ರಾಹಕರ ಬಾಕಿಯ ಮೇಲೆ ನಿಂತಿದೆ. ನಗದು ಪದ್ಧತಿಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಗ್ರಾಹಕರ ಬಾಕಿ ಎಂಬ ಸಾಲೇ ಇರುವುದಿಲ್ಲ. ತೆರಿಗೆ ಒಂದು ವರ್ಷ ಮುಂದೆ ಹೋಯಿತೆಂದು ಖುಷಿಪಡುವಷ್ಟರಲ್ಲಿ ಮ್ಯಾನೇಜರರ ಫೋನು ಬರುತ್ತದೆ. ಇಷ್ಟಾದರೂ ಬದಲಾಗುವುದಾದರೆ ಹಳೆಯ ಪದ್ಧತಿಯಲ್ಲಿ ಈಗಾಗಲೇ ತೆರಿಗೆ ಕಟ್ಟಿದ ಬಾಕಿಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಆ ಹಣ ಬಂದಾಗ ಮತ್ತೊಮ್ಮೆ ಆದಾಯವೆಂದು ಬರೆದು ಎರಡು ಸಲ ತೆರಿಗೆ ಕಟ್ಟಿದವರನ್ನು ನೋಡಿದ್ದೇನೆ.

ಹಣ ಬಾರದೇ ಹೋದರೆ ಕಟ್ಟಿದ ತೆರಿಗೆಯ ಗತಿ? ಆದಾಯ ತೆರಿಗೆಯಲ್ಲಿ ದಾರಿಯಿದೆ. ಹಿಂದೆ ಆದಾಯವಾಗಿ ತೋರಿಸಿದ್ದ ಬಾಕಿಯನ್ನು ಲೆಕ್ಕದಲ್ಲಿ ಮುಳುಗಿದ ಸಾಲವೆಂದು ಬರೆದು ತೆಗೆದ ವರ್ಷ ಅದು ಖರ್ಚಾಗಿ ಸಿಗುತ್ತದೆ. ಮುಳುಗಿದ್ದನ್ನು ಸಾಕ್ಷಿ ಸಮೇತ ರುಜುವಾತು ಮಾಡಬೇಕಾಗಿಲ್ಲ, ಬರೆದು ತೆಗೆದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಜಿಎಸ್‌ಟಿಯಲ್ಲಿ ಆ ದಯೆ ಇಲ್ಲ. ಮಾಲು ವಾಪಸಾದರೆ, ಮಾಲಿನಲ್ಲಿ ಕೊರತೆ ಕಂಡರೆ, ಬಿಲ್ಲಿನ ಬೆಲೆ ಹೆಚ್ಚಾಗಿ ಬರೆದಿದ್ದರೆ ಕ್ರೆಡಿಟ್ ನೋಟ್ ಕೊಡಬಹುದು. ಗಿರಾಕಿ ಕೈಯೆತ್ತಿದ ಎಂಬ ಕಾರಣಕ್ಕೆ ಕಟ್ಟಿದ ಜಿಎಸ್‌ಟಿ ವಾಪಸು ಬರುವುದಿಲ್ಲ.

ಆದ್ದರಿಂದ ಪದ್ಧತಿಗಿಂತ ವಸೂಲಿಯ ಬಗ್ಗೆ ನಾಲ್ಕು ಮಾತು. ನಿಮ್ಮ ಘಟಕ ಉದ್ಯಮ್ ನೋಂದಣಿಯಲ್ಲಿ ಸೂಕ್ಷ್ಮ ಅಥವಾ ಸಣ್ಣ ಎಂದಿದ್ದರೆ, ಆರ್ಡರ್‌ನಲ್ಲಿ ಏನೇ ಬರೆದಿರಲಿ, ಕೊಳ್ಳುವವರು 45 ದಿನ ದಾಟಿಸುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲು ಹೋದ ಮಾರ್ಚ್ 18ರಿಂದ ಎಣಿಸಿದರೆ ಮೇ 2ಕ್ಕೆ ಗಡುವು ಮುಗಿಯಿತು, ಜೋಡಣೆ ಮುಗಿದ ದಿನದಿಂದ ಎಣಿಸಿದರೂ ಮೇ 24ಕ್ಕೆ. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅವರ ಮೇಲೆ ಏರುತ್ತದೆ. ನೋಂದಣಿ ಆರ್ಡರ್‌ಗೆ ಮೊದಲೇ ಆಗಿದ್ದರೆ ಗಟ್ಟಿ, ಆಮೇಲೆ ಮಾಡಿಸಿದ್ದರೆ ಅವರ ವಕೀಲರು ಅಲ್ಲೇ ಹಿಡಿಯುತ್ತಾರೆ.

ಸಮಯಕ್ಕೆ ಕೊಡದಿದ್ದರೆ ಆ ಖರ್ಚು ಅವರಿಗೆ ತೆರಿಗೆಯಲ್ಲಿ ಸಿಗುವುದಿಲ್ಲ ಎಂಬ ಹೊಸ ನಿಯಮವನ್ನು ನಿಮಗೆ ಯಾರಾದರೂ ಹೇಳಿರಬಹುದು. ನಿಯಮ ನಿಜ, ಆದರೆ ನಿಮ್ಮ ಕೈಗೆ ಅದು ಬರುವುದಿಲ್ಲ. ಗೋದಾಮಿನ ರ‍್ಯಾಕ್ ಅವರಿಗೆ ಖರ್ಚಲ್ಲ, ಸ್ಥಿರಾಸ್ತಿ. ಅವರು ಅದರ ಮೇಲೆ ಸವಕಳಿ ಪಡೆಯುತ್ತಾರೆ, ಅದಕ್ಕೆ ಈ ನಿಯಮ ತಾಗುವುದಿಲ್ಲ. ಇದನ್ನು ಹಿಡಿದು ಪತ್ರ ಬರೆದರೆ ಅವರ ಲೆಕ್ಕ ವಿಭಾಗ ನಕ್ಕು ಸುಮ್ಮನಾಗುತ್ತದೆ. ಅವರಿಗೆ ತಾಗುವುದು ಇನ್ನೊಂದು. ನಿಮ್ಮ ಬಿಲ್ಲಿನ ಮೇಲಿನ 3,60,000 ಜಿಎಸ್‌ಟಿಯನ್ನು ಅವರು ಬಹುಶಃ ಈಗಾಗಲೇ ವಜಾ ಪಡೆದಿದ್ದಾರೆ. ಬಿಲ್ಲಿನ ದಿನದಿಂದ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ ಅದನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಿಮ್ಮ ಬಿಲ್ಲಿಗೆ ಆ ದಿನ ಸೆಪ್ಟೆಂಬರ್ 14. ಖರೀದಿ ವಿಭಾಗದವರಿಗೆ ಫೋನು ಮಾಡುವುದು ಬಿಟ್ಟು, ಈ ದಿನಾಂಕ ಬರೆದು ಅವರ ಜಿಎಸ್‌ಟಿ ನೋಡಿಕೊಳ್ಳುವವರಿಗೆ ಒಂದು ಮೇಲ್ ಕಳುಹಿಸಿ. ಇಷ್ಟಕ್ಕೇ ಚೆಕ್ ಹೊರಟದ್ದನ್ನು ಹಲವು ಸಲ ಕಂಡಿದ್ದೇನೆ. ಎಂಎಸ್‌ಎಂಇ ಮಂಡಳಿಗೆ ದೂರು ಕೊಡುವ ದಾರಿಯೂ ಇದೆ. ಆದರೆ ಅಲ್ಲಿಗೆ ಹೋದ ಮೇಲೆ ಆ ಕಂಪನಿಯಿಂದ ಮತ್ತೊಂದು ಆರ್ಡರ್ ನಿರೀಕ್ಷಿಸಬೇಡಿ. ಅದು ನೀವೇ ತೂಗಿ ನೋಡಬೇಕಾದ ಲೆಕ್ಕ.

ರಿಟರ್ನ್ ಸಲ್ಲಿಸುವ ಮುನ್ನ ಪರ್ಚೇಸ್ ಆರ್ಡರ್ ಹಿಡಿದು ಆಡಿಟರ ಎದುರು ಕೂತು ಜೋಡಣೆಯ ಕಲಮನ್ನು ಓದಿಸಿ. ಷರತ್ತು ಇದ್ದರೆ, ಪೂರ್ತಿ 5 ಲಕ್ಷಕ್ಕೂ 20 ಪ್ರತಿಶತ ದರ ಎಂದಿಟ್ಟುಕೊಂಡರೆ ಸೆಸ್ ಸೇರಿ 1,04,000 ಒಂದು ವರ್ಷ ಮುಂದೆ ಹೋಗುತ್ತದೆ. ಉಳಿಯುವುದಿಲ್ಲ, ಮುಂದೆ ಹೋಗುತ್ತದೆ ಅಷ್ಟೆ. ಷರತ್ತು ಇಲ್ಲದಿದ್ದರೆ 45,000ದ ಖರ್ಚು ಸೇರಿಸಿ ತೆರಿಗೆ ಕಟ್ಟಿ. ಮುಂದಿನ ಆರ್ಡರ್‌ಗೆ ಕನಿಷ್ಠ ಉಕ್ಕಿನ ಬೆಲೆಯಷ್ಟು ಮುಂಗಡ ಕೇಳಿ. ಮರ್ಕೆಂಟೈಲ್ ಪದ್ಧತಿಯಲ್ಲಿ ಅದು ಕೆಲಸ ಮುಗಿಯುವವರೆಗೆ ಆದಾಯವಲ್ಲ, ಸರಕಿನ ಮುಂಗಡಕ್ಕೆ ಜಿಎಸ್‌ಟಿಯೂ ಬಿಲ್ಲಿನವರೆಗೆ ಇಲ್ಲ. ಕೊಡುವುದಿಲ್ಲ ಎಂದರೆ, ಅವರು ಟ್ರೆಡ್ಸ್ ವೇದಿಕೆಯಲ್ಲಿ ಇದ್ದಾರೆಯೇ ವಿಚಾರಿಸಿ. ಅವರು ಅಲ್ಲಿ ನಿಮ್ಮ ಬಿಲ್ಲನ್ನು ಒಪ್ಪಿದರೆ ಬ್ಯಾಂಕೊಂದು ಸ್ವಲ್ಪ ಕಡಿತ ಮಾಡಿಕೊಂಡು ಕೆಲವೇ ದಿನಗಳಲ್ಲಿ ನಿಮಗೆ ಹಣ ಕೊಡುತ್ತದೆ. ಆಮೇಲೆ ಕಂಪನಿ ಸತಾಯಿಸಿದರೆ ಅದು ಬ್ಯಾಂಕಿನ ತಲೆನೋವು.